ಕತ್ತಲೆ ಕ್ರಿಯೆ ಕತ್ತಲೆಯಲ್ಲಿ ನಡೆಯುವುದಿಲ್ಲ



ನಮ್ಮ ಸಂಘದ ಅಧ್ಯಯನ ಗುಂಪಿನಲ್ಲಿ ಒಂದು ಪದ್ಧತಿಯುಂಟು. ಹಿಂದಿನ ಸಭೆಯಲ್ಲಿ ಪರದೆಯ ಮೇಲೆ ತೋರಿಸಿದ ಸ್ಲೈಡುಗಳ ಸಾರವನ್ನು ಮುಂದಿನ ಸಭೆಯ ಆರಂಭದಲ್ಲಿ ಯಾರಾದರೊಬ್ಬರು ಐದು ನಿಮಿಷದಲ್ಲಿ ಹೇಳಬೇಕು. ಎಲೆಯಲ್ಲಿ ಆಹಾರ ತಯಾರಾಗುವ ಬಗೆ, ಅಂದರೆ ದ್ಯುತಿಸಂಶ್ಲೇಷಣೆಯ ಬೆಳಕಿನ ಕ್ರಿಯೆ ಮತ್ತು ಕತ್ತಲೆ ಕ್ರಿಯೆಯನ್ನು ವಿವರಿಸುವ ಸರದಿ ಈ ಸಲ ನಮ್ಮ ಪಾಲಿಗೆ ಬಂತು. ಆ ದಿನ ಹೇಳಿದ್ದನ್ನೇ, ಐದು ನಿಮಿಷಕ್ಕೆ ಸೇರದೆ ಉಳಿದದ್ದನ್ನೂ ಕೂಡಿಸಿ, ಬರಲಾಗದವರಿಗಾಗಿ ಇಲ್ಲಿ ಬರೆದಿದ್ದೇವೆ.

ನಾವು ಬಾಯಿ ತೆರೆಯುವ ಮೊದಲೇ ಹಿರಿಯ ಸದಸ್ಯರೊಬ್ಬರು ಕೇಳಿದರು: “ಕಾರ್ಯದರ್ಶಿಗಳೇ, ಹಗಲು ಬೆಳಕಿನ ಕ್ರಿಯೆ, ರಾತ್ರಿ ಕತ್ತಲೆ ಕ್ರಿಯೆ, ಹಾಗೆ ತಾನೇ?” ಹೆಸರು ಕೇಳಿದ ಯಾರಿಗೂ ಹಾಗೆಯೇ ತೋರುವುದು ಸಹಜ. ಆದರೆ ಸಂಗತಿ ಹಾಗಿಲ್ಲ. ಎರಡೂ ನಡೆಯುವುದು ಹಗಲಿನಲ್ಲಿಯೇ, ಒಂದೇ ಎಲೆಯ ಒಂದೇ ಹಸಿರು ಕಣದೊಳಗೆ, ಒಂದರ ಪಕ್ಕದಲ್ಲಿ ಇನ್ನೊಂದು.

ಹಸಿರು ಕಣದೊಳಗೆ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ತೆಳುವಾದ ಪೊರೆಗಳಿವೆ. ಪತ್ರಹರಿತ್ತು ಇರುವುದು ಈ ಪೊರೆಗಳಲ್ಲಿ. ಬಿಸಿಲು ಬಿದ್ದಾಗ ಇಲ್ಲಿ ನೀರು ಒಡೆಯುತ್ತದೆ. ಅದರಿಂದ ಹುಟ್ಟಿದ ಆಮ್ಲಜನಕ ಹೊರಗೆ ಹೋಗುತ್ತದೆ. ಬಿಸಿಲಿನ ಶಕ್ತಿ ಎ.ಟಿ.ಪಿ. ಮತ್ತು ಎನ್.ಎ.ಡಿ.ಪಿ.ಎಚ್. ಎಂಬ ಎರಡು ವಸ್ತುಗಳಲ್ಲಿ ತುಂಬಿಕೊಳ್ಳುತ್ತದೆ. ಇದು ಬೆಳಕಿನ ಕ್ರಿಯೆ. ಇಷ್ಟರಲ್ಲಿ ಸಕ್ಕರೆಯ ಒಂದು ಕಣವೂ ಆಗಿರುವುದಿಲ್ಲ.

ಸಕ್ಕರೆಯಾಗುವುದು ಪೊರೆಗಳ ಸುತ್ತಲಿನ ದ್ರವದಲ್ಲಿ. ಗಾಳಿಯಿಂದ ಬಂದ ಇಂಗಾಲಾಮ್ಲ ವಾಯುವನ್ನು ಒಂದು ಕಿಣ್ವ ಹಿಡಿದುಕೊಳ್ಳುತ್ತದೆ. ಹೀಗೆ ಹಿಡಿದ ಪ್ರತಿಯೊಂದು ಅಣುವನ್ನು ಸಕ್ಕರೆಯ ದಾರಿಗೆ ಹಚ್ಚಲು ಮೂರು ಎ.ಟಿ.ಪಿ. ಮತ್ತು ಎರಡು ಎನ್.ಎ.ಡಿ.ಪಿ.ಎಚ್. ಖರ್ಚಾಗುತ್ತವೆ. ಈ ದಾರಿಯನ್ನು ಅಮೆರಿಕದ ಮೆಲ್ವಿನ್ ಕ್ಯಾಲ್ವಿನ್ ಮತ್ತು ಅವರ ಸಂಗಡಿಗರು ನೀರಿನ ಪಾಚಿಯ ಮೇಲೆ ಪ್ರಯೋಗ ನಡೆಸಿ ಕಂಡುಹಿಡಿದರು. ಅದಕ್ಕಾಗಿ ಕ್ಯಾಲ್ವಿನ್‌ರಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ಬಂತು. ಬೆಳಕಿನಲ್ಲಿಟ್ಟ ಪಾಚಿಯನ್ನು ಒಮ್ಮೆಲೇ ಕತ್ತಲೆಗೆ ಒಯ್ದರೂ ಅದು ಸ್ವಲ್ಪ ಹೊತ್ತು ಇಂಗಾಲಾಮ್ಲವನ್ನು ಹಿಡಿಯುತ್ತಲೇ ಇರುತ್ತದೆ. ಈ ಕೆಲಸಕ್ಕೆ ಬೆಳಕು ನೇರವಾಗಿ ಬೇಡ, ಬೆಳಕು ತುಂಬಿಕೊಟ್ಟ ಸರಕು ಬೇಕು ಎಂಬ ಅರ್ಥದಲ್ಲಿಯೇ ಕತ್ತಲೆ ಕ್ರಿಯೆ ಎಂಬ ಹೆಸರು ನಿಂತಿತು. ಆ ಸರಕು ಬೇಗನೆ ತೀರಿಹೋಗುವುದರಿಂದ ರಾತ್ರಿ ಈ ಕ್ರಿಯೆ ನಡೆಯುವುದಿಲ್ಲ.

ಕಾಫಿ ಕೊಯ್ಲಿನ ದಿನವನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಆಳುಗಳು ಹಣ್ಣು ಕುಯ್ದು ಚೀಲ ತುಂಬುತ್ತಾರೆ. ಚೀಲ ತೂಕದ ಜಾಗಕ್ಕೆ ಹೋಗಿ ಬರಿದಾಗುತ್ತದೆ. ಬರಿದಾದ ಚೀಲ ಮತ್ತೆ ಆಳಿನ ಕೈಗೆ ಬರುತ್ತದೆ. ಚೀಲ ತುಂಬುವುದು ಬೆಳಕಿನ ಕ್ರಿಯೆ, ಬರಿದು ಮಾಡುವುದು ಕತ್ತಲೆ ಕ್ರಿಯೆ. ತೂಕದ ಜಾಗದಲ್ಲಿ ಕೆಲಸ ನಿಂತರೆ ಬರಿ ಚೀಲ ಹಿಂದಿರುಗುವುದಿಲ್ಲ, ಕುಯ್ಯುವವರು ಕೈಕಟ್ಟಿ ನಿಲ್ಲಬೇಕಾಗುತ್ತದೆ. ವ್ಯತ್ಯಾಸ ಇಷ್ಟೇ: ಆಳು ಸುಮ್ಮನೆ ನಿಲ್ಲಬಲ್ಲ, ಬಿಸಿಲು ನಿಲ್ಲುವುದಿಲ್ಲ.

ನಮ್ಮ ತೋಟಗಳಲ್ಲಿ ಆಗುವ ನಷ್ಟದ ಗುಟ್ಟು ಇಲ್ಲಿದೆ. ಫೆಬ್ರವರಿ, ಮಾರ್ಚ್ ತಿಂಗಳ ಒಂದು ದಿನವನ್ನು ನೋಡೋಣ. ಬೆಳಿಗ್ಗೆ ಗಾಳಿಯಲ್ಲಿ ತೇವವಿರುತ್ತದೆ. ಕಾಫಿ ಎಲೆಯ ಅಡಿಭಾಗದಲ್ಲಿರುವ ಪತ್ರರಂಧ್ರಗಳು ತೆರೆದಿರುತ್ತವೆ, ಇಂಗಾಲಾಮ್ಲ ಒಳಗೆ ಬರುತ್ತದೆ, ಚೀಲಗಳು ಸರಾಗವಾಗಿ ತುಂಬಿ ಬರಿದಾಗುತ್ತವೆ. ಹೊತ್ತೇರಿದಂತೆ ಗಾಳಿ ಒಣಗುತ್ತದೆ. ಗಿಡ ನೀರನ್ನು ಉಳಿಸಿಕೊಳ್ಳಲು ರಂಧ್ರಗಳನ್ನು ಮುಚ್ಚತೊಡಗುತ್ತದೆ. ಇಂಗಾಲಾಮ್ಲ ಬರುವುದು ಕಡಿಮೆಯಾಗಿ ಕತ್ತಲೆ ಕ್ರಿಯೆ ಕುಂಠಿತವಾಗುತ್ತದೆ. ಆದರೆ ಬಿಸಿಲು ಅತಿ ಹೆಚ್ಚಾಗಿರುವುದು ಅದೇ ಹೊತ್ತಿನಲ್ಲಿ. ಕಾಫಿ ಮೂಲತಃ ಕಾಡಿನ ನೆರಳಿನ ಗಿಡ. ಅದರ ಎಲೆಗೆ ಪೂರ್ಣ ಬಿಸಿಲಿನ ಸುಮಾರು ಮೂರನೆಯ ಒಂದು ಪಾಲು ಸಾಕು. ಅದಕ್ಕೂ ಮೀರಿ ಬಿದ್ದ ಬೆಳಕಿಗೆ ಉಪಯೋಗವಿಲ್ಲ. ಎಲೆ ಅದನ್ನು ಶಾಖವಾಗಿ ಹೊರಹಾಕಲು ಪ್ರಯತ್ನಿಸುತ್ತದೆ. ಅದೂ ಸಾಲದಾದಾಗ ಮಿಕ್ಕ ಶಕ್ತಿ ಪೊರೆಯನ್ನೂ ಪತ್ರಹರಿತ್ತನ್ನೂ ಹಾಳುಮಾಡುತ್ತದೆ. ಎಲೆ ಮೊದಲು ಬಿಳಿಚಿ ಹಳದಿಯಾಗಿ, ಆಮೇಲೆ ಕಂದಾಗಿ ಸುಡುತ್ತದೆ.

ಇದನ್ನು ನಾವು ಕಲಿತದ್ದು ನಷ್ಟದಿಂದಲೇ. ಕೆಲವು ವರ್ಷಗಳ ಹಿಂದೆ, ಕೊಯ್ಲು ಮುಗಿದು ಆಳುಗಳು ಸಿಕ್ಕಿದರೆಂದು, ನಮ್ಮ ತೋಟದ ಪಡುವಣ ಇಳಿಜಾರಿನಲ್ಲಿ ಫೆಬ್ರವರಿಯಲ್ಲೇ ಮರಗಸಿ ಮಾಡಿಸಿ ನೆರಳನ್ನು ಒಮ್ಮೆಲೇ ತೆಗೆದೆವು. ಮೂರು ವಾರದೊಳಗೆ ಗಿಡಗಳು ಹಳದಿಯಾದವು. ಸಾರಜನಕ ಕಡಿಮೆಯಾಗಿದೆ ಎಂದು ತಿಳಿದು ಗೊಬ್ಬರ ತರಿಸುವವರಿದ್ದೆವು. ಹತ್ತಿರ ಹೋಗಿ ನೋಡಿದಾಗ, ಒಂದು ಎಲೆಯ ಮೇಲೆ ಇನ್ನೊಂದು ಎಲೆ ಬಾಗಿದ್ದ ಕಡೆಯಲ್ಲೆಲ್ಲ ಕೆಳಗಿನ ಎಲೆ ಹಸಿರಾಗಿಯೇ ಇತ್ತು, ಗೆರೆ ಎಳೆದಂತೆ! ಗೊಬ್ಬರದ ಕೊರತೆ ಹೀಗೆ ನೆರಳಿನ ಗುರುತು ನೋಡಿ ಬರುವುದಿಲ್ಲ. ಸಾರಜನಕದ ಕೊರತೆ ಮೊದಲು ಕಾಣುವುದು ಹಳೆಯ ಎಲೆಗಳಲ್ಲಿ, ಎಲೆಯಿಡೀ ಒಂದೇ ಸಮನಾಗಿ. ಬಿಸಿಲಿನ ಪೆಟ್ಟು ಕಾಣುವುದು ಗಿಡದ ನೆತ್ತಿಯಲ್ಲಿ, ಮಧ್ಯಾಹ್ನದ ಬಿಸಿಲು ಬೀಳುವ ಮಗ್ಗುಲಿನಲ್ಲಿ. ಈ ಗುರುತನ್ನು ಸದಸ್ಯರು ಮರೆಯಬಾರದು. ಗೊಬ್ಬರದ ಹಣ ಉಳಿಯುತ್ತದೆ.

ಹಾಗಾದರೆ ಅದೇ ಜಾತಿಯ ಗಿಡ ಬೇರೆ ಕಡೆ ತೆಳು ನೆರಳಿನಲ್ಲಿ ಚೆನ್ನಾಗಿ ಬರುವುದು ಹೇಗೆ ಎಂದು ಸಭೆಯಲ್ಲಿ ಪ್ರಶ್ನೆ ಬಂತು. ನೆರಳಿನಲ್ಲಿ ಬೆಳೆದ ಎಲೆಯಲ್ಲಿ ಇಂಗಾಲಾಮ್ಲ ಹಿಡಿಯುವ ಕಿಣ್ವ ಕಡಿಮೆಯಿರುತ್ತದೆ, ಅಂದರೆ ತೂಕದ ಜಾಗ ಚಿಕ್ಕದು. ಬಿಸಿಲಿನಲ್ಲಿ ಹುಟ್ಟಿದ ಎಲೆ ದಪ್ಪ, ಅದರ ತೂಕದ ಜಾಗ ದೊಡ್ಡದು. ಬೆಳೆದು ನಿಂತ ನೆರಳಿನ ಎಲೆ ಒಂದೇ ದಿನದಲ್ಲಿ ಬಿಸಿಲಿನ ಎಲೆಯಾಗಲಾರದು. ಹೊಸ ಎಲೆ ಬಂದು ಆ ಜಾಗವನ್ನು ತುಂಬಬೇಕು. ಆದ್ದರಿಂದ ಮಳೆ ಹಿಡಿಯುವ ಹೊತ್ತಿಗೆ, ಮೋಡ ಕವಿದು ಗಾಳಿ ತೇವವಾಗಿರುವಾಗ, ಹಾಲುವಾಣದ ಕೊಂಬೆ ಕಡಿಯುವುದೇ ಸರಿ. ಆಗ ಬೆಳಕಿಗೇ ಬರಗಾಲವಾದ್ದರಿಂದ ಕಡಿದದ್ದು ಲಾಭವೂ ಆಗುತ್ತದೆ. ನರ್ಸರಿಯ ಚಪ್ಪರವನ್ನು ಸ್ವಲ್ಪ ಸ್ವಲ್ಪವಾಗಿ ತೆರೆಯುವುದಕ್ಕೂ, ಎಳೆ ಅಡಿಕೆ ಸಸಿಗೆ ಬಾಳೆಯ ನೆರಳು ಕೊಡುವುದಕ್ಕೂ ಕಾರಣ ಇದೇ.

ಇದರಿಂದ ನೆರಳು ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ದಟ್ಟ ನೆರಳಿನಲ್ಲಿ ತೂಕದ ಜಾಗ ತೆರೆದೇ ಇರುತ್ತದೆ, ತುಂಬಿದ ಚೀಲವೇ ಬರುವುದಿಲ್ಲ. ರೆಕ್ಕೆಯ ಗೆಣ್ಣುಗಳು ಉದ್ದುದ್ದವಾಗಿ, ಗೆಣ್ಣಿಗೆ ಹೂವು ಕಡಿಮೆಯಾಗುತ್ತದೆ. ಬೇಸಗೆಯಲ್ಲಿ ಸ್ಪ್ರಿಂಕ್ಲರ್ ನೀರು ಕೊಟ್ಟ ತೋಟದಲ್ಲಿ ರಂಧ್ರಗಳು ಹೆಚ್ಚು ಹೊತ್ತು ತೆರೆದಿರುವುದರಿಂದ ಅದು ಸ್ವಲ್ಪ ಹೆಚ್ಚು ಬೆಳಕನ್ನು ತಡೆದೀತು; ನೀರಿಲ್ಲದ ಪಡುವಣ ಇಳಿಜಾರು ತಡೆಯದು.

ಐದು ನಿಮಿಷದ ಗಂಟೆ ಬಾರಿಸಿದಾಗ ಆ ಹಿರಿಯರು ಎದ್ದು, “ಹಾಗಾದರೆ ಮರಗಸಿಯವರನ್ನು ಈಗ ಕರೆಯುವುದು ಬೇಡ, ಮಳೆ ಹತ್ತಿರವಾಗಲಿ” ಎಂದರು. ನಮ್ಮ ಮಾತಿನ ಸಾರವೂ ಅಷ್ಟೇ ಆಗಿತ್ತು.