ಬೈಗುಳ ಯಾವಾಗ ಸಲಿಗೆ, ಯಾವಾಗ ಏಟು?

ತಡವಾಗಿ ಬಂದ ಗೆಳೆಯನಿಗೆ ‘ಬಾರೋ ದಂಡಪಿಂಡ, ಈಗ ಬೆಳಗಾಯ್ತಾ ನಿಂಗೆ?’ ಎನ್ನುತ್ತೇವೆ. ಅವನು ಕುರ್ಚಿ ಎಳೆದುಕೊಂಡು ಕೂರುತ್ತಾ, ‘ನಿನ್ನ ಮುಖ ನೋಡೋಕೆ ಬೇಗ ಬೇರೆ ಬರ್ಬೇಕಾ?’ ಎಂದು ತಿರುಗಿಸಿ ಕೊಡುತ್ತಾನೆ. ಇಬ್ಬರೂ ಕಾಫಿ ಕುಡಿಯುತ್ತಾರೆ. ಅದೇ ಮಾತನ್ನು ಮಾವನೊಬ್ಬ ಅಳಿಯನಿಗೆ ನಾಲ್ಕು ಜನರ ಮುಂದೆ ಅಂದುಬಿಟ್ಟರೆ, ಅಳಿಯ ಆ ಮನೆಯ ಹೊಸ್ತಿಲು ತುಳಿಯುವುದು ಬಹಳ ದಿನ ತಪ್ಪುತ್ತದೆ. ಪದ ಬದಲಾಗಿಲ್ಲ, ನಿಘಂಟಿನ ಅರ್ಥವೂ ಬದಲಾಗಿಲ್ಲ. ಹಾಗಾದರೆ ಬದಲಾದದ್ದು ಏನು?

ಭಾಷಾವಿಜ್ಞಾನಿಗಳು ಈ ಪ್ರಶ್ನೆಗೆ ಬಂದದ್ದು ತಡವಾಗಿ. ಮೊದಲು ಅವರ ಗಮನವೆಲ್ಲ ವಿನಯದ ಮೇಲಿತ್ತು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1955ರಲ್ಲಿ, ನಾಲ್ಕು ಜನರ ನಡುವೆ ಪ್ರತಿಯೊಬ್ಬರೂ ತಮ್ಮ ‘ಮುಖ’ವನ್ನು, ಎಂದರೆ ಮರ್ಯಾದೆಯನ್ನು, ಉಳಿಸಿಕೊಳ್ಳಲು ನೋಡುತ್ತಾರೆ ಎಂದು ವಿವರಿಸಿದ್ದರು. ಅದನ್ನೇ ಆಧಾರ ಮಾಡಿಕೊಂಡು ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ವಿನಯದ ಒಂದು ದೊಡ್ಡ ಸಿದ್ಧಾಂತ ಕಟ್ಟಿದರು. ಅವರ ಸಾಮಗ್ರಿಯಲ್ಲಿ ಒಂದು ಪಾಲು ನಮ್ಮ ನೆರೆಯ ಕೊಯಮತ್ತೂರು ಸೀಮೆಯ ಹಳ್ಳಿಯ ತಮಿಳಿನದು. ಅವರ ಪ್ರಕಾರ ನಮ್ಮೆಲ್ಲರಿಗೂ ಎರಡು ಆಸೆ: ಇತರರು ನಮ್ಮನ್ನು ಮೆಚ್ಚಬೇಕು, ಮತ್ತು ನಮ್ಮ ದಾರಿಗೆ ಅಡ್ಡ ಬರಬಾರದು. ವಿನಯವೆಂದರೆ ಈ ಎರಡನ್ನೂ ಕಾಯುವ ಜಾಣ್ಮೆ.

ಕಾಯುವ ಜಾಣ್ಮೆ ಇರುವಂತೆ ಕೆಡಿಸುವ ಜಾಣ್ಮೆಯೂ ಇದೆಯಲ್ಲ? ಇಂಗ್ಲೆಂಡಿನ ಜೊನಾಥನ್ ಕಲ್‌ಪೆಪರ್ 1996ರಲ್ಲಿ ಆ ಸಿದ್ಧಾಂತವನ್ನು ತಲೆಕೆಳಗು ಮಾಡಿ ಅವಿನಯದ ಮಾದರಿಯೊಂದನ್ನು ಮುಂದಿಟ್ಟರು. ಹೆಸರಿಟ್ಟು ಕರೆಯುವುದು, ಗುಂಪಿನಿಂದ ಹೊರಗಿಡುವುದು ಮೆಚ್ಚುಗೆಯ ಆಸೆಗೆ ಬೀಳುವ ಪೆಟ್ಟು. ಬೆದರಿಸುವುದು, ಕೀಳಾಗಿ ಕಾಣುವುದು ಸ್ವಾತಂತ್ರ್ಯದ ಆಸೆಗೆ ಬೀಳುವ ಪೆಟ್ಟು. ‘ಮಹಾಸ್ವಾಮಿಗಳು ಈಗ ದಯಮಾಡಿಸಿದ್ರು’ ಎಂಬಂಥ ಹುಸಿ ವಿನಯಕ್ಕೂ, ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡದೆ ಸುಮ್ಮನಿರುವುದಕ್ಕೂ ಅವರ ಮಾದರಿಯಲ್ಲಿ ಜಾಗವಿತ್ತು. ನಮ್ಮಲ್ಲಿ ‘ನೀವು’ ಎನ್ನಬೇಕಾದಲ್ಲಿ ‘ನೀನು’ ಬಂದರೆ ಸಾಕು, ಬೈಗುಳವೇ ಬೇಕಾಗಿಲ್ಲ.

ಈ ಪಟ್ಟಿ ಹಿಡಿದು ಹೊರಟರೆ ಕಾಫಿ ಅಂಗಡಿಯ ‘ದಂಡಪಿಂಡ’ವೂ ದಾಳಿ ಎಂದೇ ಲೆಕ್ಕವಾಗುತ್ತದೆ. ಅಲ್ಲಿಗೆ ಮಾದರಿ ಸೋಲುತ್ತದೆ. ಈ ಗಂಟಿನ ಒಂದು ಎಳೆಯನ್ನು ಜೆಫ್ರಿ ಲೀಚ್ 1983ರಲ್ಲೇ ಹಿಡಿದಿದ್ದರು. ಒಬ್ಬರ ಮೇಲಿನ ಸಲಿಗೆ ತೋರಿಸಬೇಕಾದರೆ, ಎದ್ದು ಕಾಣುವಂತೆ ಸುಳ್ಳಾದ, ಎದ್ದು ಕಾಣುವಂತೆ ಒರಟಾದ ಮಾತು ಆಡುತ್ತೇವೆ ಎಂಬುದು ಅವರ ಸೂತ್ರ. ಮಾತು ನಿಜವಲ್ಲ ಎನ್ನುವುದು ಇಬ್ಬರಿಗೂ ಗೊತ್ತಿರುವುದರಿಂದ ಅದರ ಹಲ್ಲು ಕಳಚುತ್ತದೆ. ಇಷ್ಟು ಒರಟಾಗಿ ಮಾತನಾಡಿಯೂ ಜಗಳವಾಗದಷ್ಟು ನಾವು ಹತ್ತಿರದವರು ಎಂಬ ಸಂದೇಶ ಮಾತ್ರ ಉಳಿಯುತ್ತದೆ.

ಈ ಸುಳ್ಳಿನ ಷರತ್ತು ಎಷ್ಟು ನಾಜೂಕಿನದು ಎಂಬುದನ್ನು ನನಗೆ ತಿಳಿದಂತೆ ಎಲ್ಲರಿಗಿಂತ ಚೆನ್ನಾಗಿ ತೋರಿಸಿದವರು ಅಮೆರಿಕದ ವಿಲಿಯಂ ಲಬೋವ್. 1960ರ ದಶಕದಲ್ಲಿ ಅವರು ಮತ್ತು ಅವರ ಸಂಗಡಿಗರು ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪುಜನರ ಹುಡುಗರ ಗುಂಪುಗಳ ಮಾತನ್ನು ಧ್ವನಿಮುದ್ರಿಸಿದರು. ಆ ಹುಡುಗರಲ್ಲಿ ಬೈಗುಳದ ಪಂದ್ಯ ನಡೆಯುತ್ತಿತ್ತು. ಒಬ್ಬ ಇನ್ನೊಬ್ಬನ ತಾಯಿಯ ಬಗ್ಗೆ, ಮನೆಯ ಬಡತನದ ಬಗ್ಗೆ ಎಲ್ಲಾದರೂ ಉಂಟೇ ಎನ್ನುವಂಥ ಅತಿಶಯದ ಮಾತು ಎಸೆಯುತ್ತಾನೆ. ಅದಕ್ಕಿಂತ ಮಿಗಿಲಾದದ್ದನ್ನು ಇನ್ನೊಬ್ಬ ತಿರುಗಿ ಎಸೆಯಬೇಕು. ಸುತ್ತ ನಿಂತವರ ನಗುವೇ ತೀರ್ಪು. ನಮ್ಮ ಮದುವೆಮನೆಗಳಲ್ಲಿ ಹೆಣ್ಣಿನ ಕಡೆಯವರು ಹಾಡುವ ಬೀಗರ ಹಾಡು ಕೇಳಿದವರಿಗೆ ಈ ಆಟ ಹೊಸದೆನಿಸದು. ಅಲ್ಲೂ ಬೀಗಿತಿಯ ಹೊಟ್ಟೆಬಾಕತನವನ್ನು ಯಾರೂ ನಂಬಲಾಗದಷ್ಟು ಹಿಗ್ಗಿಸಿ ಹಾಡುತ್ತಾರೆ.

1972ರಲ್ಲಿ ಪ್ರಕಟವಾದ ಬರಹದಲ್ಲಿ ಲಬೋವ್ ಈ ಆಟದ ನಿಯಮವನ್ನು ಬಿಡಿಸಿಟ್ಟರು. ಆಡುವವನಿಗೆ, ಕೇಳುವವನಿಗೆ, ನೋಡುವವರಿಗೆ, ಈ ಮೂವರಿಗೂ ಆ ಮಾತು ಸುಳ್ಳೆಂದು ಗೊತ್ತಿರಬೇಕು. ಹಾಗಿದ್ದರೆ ಅದಕ್ಕೆ ಉತ್ತರ ಇನ್ನೊಂದು ಬೈಗುಳ. ಆದರೆ ಮುದ್ರಿಸಿಕೊಂಡ ಒಂದು ಪಂದ್ಯದಲ್ಲಿ ಒಬ್ಬ ಹುಡುಗ ಇನ್ನೊಬ್ಬನ ತಂದೆಯ ತೊದಲನ್ನು ಅಣಕಿಸಿಬಿಟ್ಟ. ಆ ಮನೆಯಲ್ಲಿ ತೊದಲು ಇದ್ದದ್ದು ನಿಜ. ಅಣಕಕ್ಕೆ ಗುರಿಯಾದವನು ಹೊಸ ಬೈಗುಳ ಹೊಸೆಯಲಿಲ್ಲ. ತೊದಲಿದರೆ ಏನಾಯಿತು ಎಂಬಂತೆ ಒಪ್ಪಿಕೊಂಡು, ಅವನ ತಂದೆಯ ನರೆತ ತಲೆಯ ಕಡೆಗೆ ತಿರುಗಿದ. ಅಲ್ಲಿಂದ ಮಾತು ಆಟದ ಗೆರೆ ದಾಟಿ ಅವರವರ ಮನೆಯ ಸಂಗತಿಗೆ ಇಳಿಯಿತು.

ಲಬೋವ್ ನಮಗೆ ಕೊಟ್ಟ ಅಳತೆಗೋಲು ಇದು: ಬೈಗುಳ ಆಟವೋ ದಾಳಿಯೋ ಎಂದು ತಿಳಿಯಲು ಅದಕ್ಕೆ ಬಂದ ಉತ್ತರವನ್ನು ನೋಡಿ. ಕೇಳಿದವನು ಮತ್ತೊಂದು ಬೈಗುಳ ಕೊಟ್ಟನೇ, ಆಟ ನಡೆದಿದೆ. ‘ಹಾಗೇನಿಲ್ಲ’, ‘ಆದರೆ ನಿನಗೇನು’ ಎಂದು ನಿರಾಕರಣೆಗೋ ಸಮರ್ಥನೆಗೋ ಇಳಿದನೇ, ಮಾತು ತಗುಲಿದೆ.

ನಮ್ಮ ‘ದಂಡಪಿಂಡ’ವನ್ನು ಇದೇ ಕೋಲಿನಿಂದ ಅಳೆಯಬಹುದು. ಗೆಳೆಯ ಕೆಲಸದಲ್ಲಿದ್ದ, ದಿನಾ ದುಡಿಯುತ್ತಿದ್ದ, ಹಾಗಾಗಿ ಪದ ಸುಳ್ಳಾಗಿತ್ತು. ಒಂದು ದಿನ ಅವನ ಕೆಲಸ ಹೋಯಿತು ಎಂದುಕೊಳ್ಳಿ. ಮನೆಯಲ್ಲಿ ಅಪ್ಪ ಮುಖ ತಿರುಗಿಸುತ್ತಿದ್ದಾರೆ. ಸುದ್ದಿ ತಿಳಿಯದ ನೀವು ಎಂದಿನ ದನಿಯಲ್ಲೇ, ಎಂದಿನ ಪ್ರೀತಿಯಲ್ಲೇ ‘ಬಾರೋ ದಂಡಪಿಂಡ’ ಎನ್ನುತ್ತೀರಿ. ಅವನು, ‘ಹುಡುಕ್ತಾ ಇದ್ದೀನಿ ಕಣೋ, ಮುಂದಿನ ವಾರ ಇಂಟರ್‌ವ್ಯೂ ಇದೆ’ ಎನ್ನುತ್ತಾನೆ. ನಿಮ್ಮ ಉದ್ದೇಶದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಿಲ್ಲ. ಆದರೂ ಅವನಿಗೆ ನೋವಾಗಿದೆ. ಪದ ನಿಜದ ಹತ್ತಿರ ಬಂದುಬಿಟ್ಟಿದೆ.

ಉದ್ದೇಶ ಒಳ್ಳೆಯದಿದ್ದರೂ ನೋವಾಗುತ್ತದೆ ಎಂಬುದನ್ನು ಕಲ್‌ಪೆಪರ್ ಕೂಡ ಆಮೇಲೆ ಒಪ್ಪಿಕೊಂಡರು. 2011ರ ಪುಸ್ತಕದಲ್ಲಿ ಅವರು ಅವಿನಯವನ್ನು ಪದಗಳ ಗುಣವೆಂದು ಹೇಳುವುದಿಲ್ಲ. ಒಂದು ಸಂದರ್ಭದಲ್ಲಿ ಇನ್ನೊಬ್ಬರು ಹೀಗೆ ನಡೆದುಕೊಳ್ಳಬೇಕು ಎಂದು ನಾವು ನೆಚ್ಚಿದ್ದಕ್ಕೆ ವಿರುದ್ಧವಾಗಿ ಅವರು ನಡೆದುಕೊಂಡಾಗ ನಮ್ಮಲ್ಲಿ ಹುಟ್ಟುವ ಕಹಿ ಭಾವವೇ ಅವಿನಯ ಎನ್ನುತ್ತಾರೆ. ಹಾಗೆಂದು ಪದಗಳು ಪೂರ್ತಿ ಖಾಲಿಯೂ ಅಲ್ಲ. ಬೈಯಲಿಕ್ಕೇ ಬಳಸಿ ಬಳಸಿ ಕೆಲವು ಮಾತುಗಳಿಗೆ ಜಗಳದ ವಾಸನೆ ಅಂಟಿಕೊಂಡಿರುತ್ತದೆ. ಅಂಥವನ್ನು ಸಲಿಗೆಗೆ ಬಳಸಲು ಬಹಳ ಗಟ್ಟಿ ಸ್ನೇಹ ಬೇಕು. ಇನ್ನೊಂದು ತುದಿಯಲ್ಲಿ ದನಿಯಿದೆ. ಕಲ್‌ಪೆಪರ್ ಮತ್ತು ಸಂಗಡಿಗರು 2003ರಲ್ಲಿ, ತಪ್ಪು ಜಾಗದಲ್ಲಿ ನಿಲ್ಲಿಸಿದ ಕಾರುಗಳ ಚಕ್ರಕ್ಕೆ ಬೀಗ ಹಾಕುವ ಸಿಬ್ಬಂದಿಯ ಕುರಿತ ಬ್ರಿಟಿಷ್ ಟಿವಿ ಸರಣಿಯ ಜಗಳಗಳನ್ನು ಪರಿಶೀಲಿಸಿದರು. ಸಾಧಾರಣವಾಗಿ ಕಾಣುವ ವಾಕ್ಯವೂ ದನಿಯ ಏರಿಳಿತದಿಂದ ಅವಮಾನವಾಗಬಲ್ಲದು ಎಂದು ಅಲ್ಲಿ ತೋರಿಸಿದರು. ಬರಹದ ಸಂದೇಶಗಳಲ್ಲಿ ತಮಾಷೆ ಇಷ್ಟು ಬೇಗ ಕೆಡುವುದಕ್ಕೆ ಈ ದನಿಯ ಗೈರುಹಾಜರಿಯೂ ಒಂದು ಕಾರಣ ಎಂಬುದು ನನ್ನ ಎಣಿಕೆ.

ಸಿದ್ಧಾಂತಗಳಲ್ಲಿ ನನಗೆ ಅತಿ ಮುಖ್ಯವೆನಿಸುವ ಅಂಶ, ತಿರುಗಿ ಆಡುವ ಹಕ್ಕು. ಹಾರ್ಲೆಮ್‌ನ ಹುಡುಗರು ಸರಿಸಮಾನರು, ಬೀಗರ ಹಾಡಿಗೂ ಎದುರು ಹಾಡು ಉಂಟು. ಮೇಲಧಿಕಾರಿ ಕೈಕೆಳಗಿನವನನ್ನು ‘ಏನಯ್ಯಾ ಗೂಬೆ’ ಎಂದಾಗ ಇವನು ನಗಬಹುದು, ಆದರೆ ‘ನೀವೇ ಗೂಬೆ ಸಾರ್’ ಎನ್ನಲಾರ. ಉತ್ತರ ಕೊಡಲಾರದವನ ನಗುವನ್ನು ಒಪ್ಪಿಗೆಯೆಂದು ಓದುವುದು ತಪ್ಪು.

ಹಾಸ್ಟೆಲ್‌ಗಳಲ್ಲಿ, ಶಾಲೆಗಳಲ್ಲಿ ಮೈಬಣ್ಣ ಹಿಡಿದು ‘ಕರಿಯ’, ನಡಿಗೆ ಹಿಡಿದು ‘ಕುಂಟ’ ಎಂದು ಕರೆದು, ಕೇಳಿದರೆ ‘ಸುಮ್ನೆ ತಮಾಷೆಗೆ ಸಾರ್, ಅವನೂ ನಗ್ತಾನೆ’ ಎನ್ನುವವರಿದ್ದಾರೆ. ಇಲ್ಲಿ ಹೇಳಿದ್ದು ಸುಳ್ಳಲ್ಲ, ಮತ್ತು ಒಬ್ಬನಿಗೆ ಎದುರಾಗಿ ಇಡೀ ಕೋಣೆ ಇರುವುದರಿಂದ ತಿರುಗಿ ಆಡುವ ದಾರಿಯೂ ಇಲ್ಲ. ಮೇಷ್ಟ್ರುಗಳೂ ವಾರ್ಡನ್‌ಗಳೂ ಆ ‘ತಮಾಷೆ’ ಎಂಬ ಮಾತನ್ನು ಒಪ್ಪಿಕೊಳ್ಳದೆ, ಆ ಹುಡುಗನನ್ನೇ ಒಬ್ಬನಾಗಿ ಕೂರಿಸಿಕೊಂಡು, ನಿನ್ನನ್ನು ಏನೆಂದು ಕರೆದರೆ ನಿನಗೆ ಹಿತ ಎಂದು ಕೇಳಬೇಕು.