ನೀರಿನಲ್ಲಿ ತೂಗುವ ಚಿನ್ನ

ಘಾನಾ ದೇಶದ ಗಣಿ ಪಟ್ಟಣಗಳಲ್ಲಿ ಚಿನ್ನ ಕೊಳ್ಳುವ ಅಂಗಡಿಗೆ ಹೋದರೆ ತಕ್ಕಡಿಯ ಪಕ್ಕದಲ್ಲೇ ಒಂದು ನೀರಿನ ಪಾತ್ರೆ ಕಾಣುತ್ತದೆ. ಗಣಿಗಾರ ತಂದುಕೊಟ್ಟದ್ದನ್ನು ವ್ಯಾಪಾರಿ ಮೂಸೆಯಲ್ಲಿ ಕರಗಿಸಿ ಗಟ್ಟಿ ಮಾಡುತ್ತಾನೆ. ಮೊದಲು ಅದನ್ನು ಹಾಗೇ ತೂಗುತ್ತಾನೆ, ಆಮೇಲೆ ದಾರಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ಮತ್ತೆ ತೂಗುತ್ತಾನೆ. ಎರಡು ತೂಕಗಳನ್ನು ಕೋಷ್ಟಕದಲ್ಲಿ ಹೊಂದಿಸಿ ನೋಡಿ ದುಡ್ಡು ಎಣಿಸುತ್ತಾನೆ. ಮಾರುವವನ ಎಷ್ಟೋ ವಾರಗಳ ದುಡಿಮೆಯ ಬೆಲೆ ಆ ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಆ ಗಟ್ಟಿಯ ಹೆಸರು ಡೋರೆ. ಹಳದಿಯಾಗಿಯೇ ಇದ್ದರೂ ಅದು ಅಪ್ಪಟ ಚಿನ್ನವಲ್ಲ. ಅದಿರಿನಲ್ಲಿ ಚಿನ್ನದ ಜೊತೆಗೇ ಇದ್ದ ಬೆಳ್ಳಿ, ತಾಮ್ರ, ಒಂದಿಷ್ಟು ಕಬ್ಬಿಣ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಸಣ್ಣ ಗಣಿಗಾರರು ಅದಿರನ್ನು ಪುಡಿ ಮಾಡಿ, ಪಾದರಸ ಬೆರೆಸಿ, ಚಿನ್ನ ಹಿಡಿದುಕೊಂಡ ಉಂಡೆಯನ್ನು ಸುಟ್ಟು ಪಾದರಸವನ್ನು ಆವಿಯಾಗಿಸುತ್ತಾರೆ. ಉಳಿಯುವುದು ರಂಧ್ರಗಳಿರುವ ಒಂದು ಮುದ್ದೆ. ಅದರೊಳಗೆ ಇನ್ನೂ ಸ್ವಲ್ಪ ಪಾದರಸ ಇರುವುದರಿಂದ ಅಂಗಡಿಯಲ್ಲಿ ಕರಗಿಸಿದಾಗ ತೂಕ ಇಳಿಯುತ್ತದೆ. ಈ ಇಳಿಕೆ ಮೋಸವಲ್ಲ. ಆದರೆ ಎಷ್ಟು ಇಳಿಯಬೇಕಿತ್ತು ಎಂಬುದು ಮಾರುವವನಿಗೆ ಗೊತ್ತಿರುವುದಿಲ್ಲ.

ಇನ್ನು ನೀರಿನ ಲೆಕ್ಕ. ಒಂದು ಘನ ಸೆಂಟಿಮೀಟರ್ ಚಿನ್ನ 19.3 ಗ್ರಾಂ ತೂಗುತ್ತದೆ, ಅಷ್ಟೇ ಬೆಳ್ಳಿ 10.5 ಗ್ರಾಂ. ಆದ್ದರಿಂದ ಬೆಳ್ಳಿ ಹೆಚ್ಚಿದಷ್ಟೂ ಗಟ್ಟಿ ಹೆಚ್ಚು ಜಾಗ ಹಿಡಿಯುತ್ತದೆ, ನೀರಿನಲ್ಲಿ ಹೆಚ್ಚು ಹಗುರಾಗುತ್ತದೆ. ಉದಾಹರಣೆಗೆ, 100 ಗ್ರಾಂ ಗಟ್ಟಿ ನೀರಿನಲ್ಲಿ 94.2 ಗ್ರಾಂ ತೂಗಿತು ಎಂದುಕೊಳ್ಳೋಣ. ಕಡಿಮೆಯಾದದ್ದು 5.8 ಗ್ರಾಂ. ಬೆರಕೆಯೆಲ್ಲ ಬೆಳ್ಳಿಯೇ ಆಗಿದ್ದರೆ ಅದರಲ್ಲಿ ಸುಮಾರು 86 ಗ್ರಾಂ ಚಿನ್ನ ಇದೆ. ಬೆರಕೆ ತಾಮ್ರವಾಗಿದ್ದರೆ ಅದೇ ತೂಕಕ್ಕೆ 90 ಗ್ರಾಂ ಹತ್ತಿರ ಬರುತ್ತದೆ. ಒಳಗಿರುವುದು ಯಾವುದು ಎಂದು ನೀರು ಹೇಳುವುದಿಲ್ಲ.

ಗಟ್ಟಿಯೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರಂತೂ ನಷ್ಟ ದೊಡ್ಡದು. ಕೇವಲ ನಾಲ್ಕು ಹನಿ ನೀರು ಹಿಡಿಸುವಷ್ಟು ಪೊಳ್ಳು, ಅಂದರೆ 0.2 ಘನ ಸೆಂಟಿಮೀಟರ್ ಇದ್ದರೂ ತೂಕ 94ಕ್ಕೆ ಇಳಿದು, ಕೋಷ್ಟಕ 86ರ ಬದಲು 81 ಎನ್ನುತ್ತದೆ. ಐದು ಗ್ರಾಂ ಚಿನ್ನ ಲೆಕ್ಕದಿಂದಲೇ ಮಾಯ! ಅನುಮಾನ ಬಂದರೆ ಗಟ್ಟಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಇಲ್ಲವೇ ಮತ್ತೆ ಕರಗಿಸಿ ತೂಗಿಸಬೇಕು. ನೀರಿನ ತೂಕ ಏರಿತೆಂದರೆ ಒಳಗೆ ಪೊಳ್ಳಿತ್ತು ಎಂದೇ ಅರ್ಥ.

ನಂಬಬಹುದಾದ ಪರೀಕ್ಷೆ ಬೇರೆಯೇ ಇದೆ. ಗಟ್ಟಿಯ ಚೂರೊಂದನ್ನು ಸೀಸ ಮತ್ತು ಬೆಳ್ಳಿಯ ಜೊತೆ ಕುಲುಮೆಯಲ್ಲಿಟ್ಟರೆ ಸೀಸವೂ ತಾಮ್ರದಂಥ ಲೋಹಗಳೂ ಬಟ್ಟಲಿನ ಗೋಡೆಗೆ ಹೀರಿಹೋಗುತ್ತವೆ. ಉಳಿದ ಮಣಿಯಿಂದ ಬೆಳ್ಳಿಯನ್ನು ನೈಟ್ರಿಕ್ ಆಮ್ಲ ಕರಗಿಸುತ್ತದೆ. ಕೊನೆಗೆ ಉಳಿದ ಚಿನ್ನವನ್ನು ತೂಗಿದರೆ ಮುಗಿಯಿತು. ಶುದ್ಧೀಕರಣ ಘಟಕಗಳು ದುಡ್ಡು ಕೊಡುವುದು ಈ ಲೆಕ್ಕದ ಮೇಲೆ. ಆದರೆ ಇದಕ್ಕೆ ಪ್ರಯೋಗಾಲಯ ಬೇಕು, ಸಮಯ ಬೇಕು. ಅಂದೇ ಡೀಸೆಲ್ ಕೊಳ್ಳಬೇಕಾದವನಿಗೆ ಅಷ್ಟು ಕಾಯಲು ಆಗುವುದಿಲ್ಲ.

ಘಟಕದಲ್ಲಿ ಕರಗಿದ ಡೋರೆಯೊಳಗೆ ಕ್ಲೋರಿನ್ ಅನಿಲ ಹಾಯಿಸುತ್ತಾರೆ. ಬೆಳ್ಳಿ, ತಾಮ್ರಗಳು ಕ್ಲೋರೈಡ್ ಆಗಿ ಮೇಲೆ ತೇಲುತ್ತವೆ ಇಲ್ಲವೇ ಆವಿಯಾಗುತ್ತವೆ, ಚಿನ್ನ ಕೆಳಗೆ ಉಳಿಯುತ್ತದೆ. 1867ರಲ್ಲಿ ಮಿಲ್ಲರ್ ಎಂಬವರು ಸಿಡ್ನಿಯಲ್ಲಿ ರೂಪಿಸಿದ ಈ ವಿಧಾನದಿಂದ ಶೇ. 99.5ರ ಶುದ್ಧತೆ ಸಿಗುತ್ತದೆ. ಇನ್ನೂ ಅಪ್ಪಟ ಬೇಕೆಂದರೆ ವಿದ್ಯುದ್ವಿಭಜನೆ. ದೊಡ್ಡ ಪ್ರಮಾಣದಲ್ಲಿ ಡೋರೆ ಒಪ್ಪಿಸುವವರಿಗೆ ಈ ಕೆಲಸದ ಖರ್ಚು ಚಿನ್ನದ ಬೆಲೆಯಲ್ಲಿ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ.

ಹಾಗಾದರೆ ಉಳಿದದ್ದು ಎಲ್ಲಿ ಹೋಗುತ್ತದೆ? ಘಟಕ ತಲುಪುವ ಮೊದಲೇ ಸೋರಿಹೋಗುತ್ತದೆ. ಮೇಲಿನ ಗಟ್ಟಿಯನ್ನೇ ನೋಡಿ. ಕೋಷ್ಟಕ ಒಪ್ಪಿದ್ದು 81 ಗ್ರಾಂ. ಸಾಗಣೆ, ಬೆಲೆ ಕುಸಿತದ ಭಯ, ತನ್ನ ಲಾಭ ಎಂದು ವ್ಯಾಪಾರಿ ಶೇ. 5 ಕಡಿದರೆ ಕೈಗೆ ಬರುವುದು 77 ಗ್ರಾಂ ಚಿನ್ನದ ಬೆಲೆ. ಬೆಳ್ಳಿಗೆ ಬಿಡಿಗಾಸಿಲ್ಲ. 86 ಗ್ರಾಂ ತಂದವನು ಹತ್ತರಲ್ಲಿ ಒಂದು ಪಾಲು ಕಳೆದುಕೊಂಡ. ಹಳ್ಳದ ಒಡೆಯ, ಯಂತ್ರದವ, ಕೂಲಿಯವರ ಪಾಲು ಹಂಚುವುದು ಇದಾದ ಮೇಲೆ.

ವ್ಯಾಪಾರಿಯ ಖರ್ಚು ಸುಳ್ಳಲ್ಲ. ಫೇರ್‌ಟ್ರೇಡ್ ನಿಯಮ ಕೂಡ ಲಂಡನ್ ದರದ ಕನಿಷ್ಠ ಶೇ. 95 ಕೊಡಬೇಕು ಎನ್ನುತ್ತದೆಯೇ ಹೊರತು ನೂರು ಎನ್ನುವುದಿಲ್ಲ. ಅನ್ಯಾಯ ಇರುವುದು ಮುಂಗಡದಲ್ಲಿ. ಪಂಪು, ಇಂಧನ, ಅಕ್ಕಿಗೆ ಸಾಲ ಕೊಟ್ಟವನೇ ಚಿನ್ನವನ್ನೂ ಕೊಳ್ಳುವುದಾದರೆ ಬೇರೆ ಅಂಗಡಿಯಲ್ಲಿ ತೂಗಿಸಿ ನೋಡುವ ಸ್ವಾತಂತ್ರ್ಯವೇ ಗಣಿಗಾರನಿಗೆ ಇರುವುದಿಲ್ಲ.

ಘಾನಾ ಸರ್ಕಾರ 2025ರಲ್ಲಿ ಗೋಲ್ಡ್‌ಬಾಡ್ ಎಂಬ ಮಂಡಳಿ ಸ್ಥಾಪಿಸಿ, ಸ್ಥಳೀಯ ಚಿನ್ನದ ವ್ಯಾಪಾರದಿಂದ ವಿದೇಶಿಯರನ್ನು ಹೊರಗಿಟ್ಟಿತು. ಕೊಳ್ಳುವವರಿಗೆ ಈಗ ಅದರ ಪರವಾನಗಿ ಬೇಕು. ಆಫ್ರಿಕಾ, ದಕ್ಷಿಣ ಅಮೆರಿಕಗಳ ಡೋರೆ ಭಾರತಕ್ಕೂ ಬರುತ್ತದೆ. 2024ರ ಜುಲೈನಲ್ಲಿ ಶುದ್ಧ ಚಿನ್ನದ ಆಮದು ಸುಂಕ ಶೇ. 6ಕ್ಕೆ ಇಳಿದಾಗ ಡೋರೆಯದು ಶೇ. 5.35 ಆಯಿತು. ಆ ಶೇ. 0.65ರ ವ್ಯತ್ಯಾಸ ಇರುವುದು ಇಲ್ಲಿನ ಶುದ್ಧೀಕರಣ ಘಟಕಗಳಿಗಾಗಿ. ಅದರಲ್ಲಿ ಗಣಿಗಾರನಿಗೆ ಪಾಲು ಕೊಡಬೇಕೆಂಬ ಕಟ್ಟಳೆಯೇನೂ ಇಲ್ಲ.