ತಿಂಗಳಿಗೆ 999 ರೂಪಾಯಿ: ಯಾರಿಗೆ ಲಾಭ, ಯಾರಿಗೆ ನಷ್ಟ?

ರಾಯಚೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ದೇವಸುಗೂರಿನ ಆಸುಪಾಸಿನಲ್ಲಿ ಎರಡು ಬಗೆಯ ‘ತಿಂಗಳು’ಗಳಿವೆ. ಮೊದಲನೆಯದು ಪಕ್ಕದ ಶಕ್ತಿನಗರದ್ದು. ಅಲ್ಲಿ 1985ರಿಂದ ಉಷ್ಣ ವಿದ್ಯುತ್ ಸ್ಥಾವರ ನಡೆಯುತ್ತಿದೆ. ನೌಕರರ ಮನೆಗಳಿಗೆ ತಿಂಗಳು ತಿಂಗಳು ಸಂಬಳ ಬರುತ್ತದೆ. ಎರಡನೆಯದು ದೇವದುರ್ಗ, ಮಾನ್ವಿಯ ರೈತರದ್ದು. ಭತ್ತ, ಹತ್ತಿ ಮಾರಿದಾಗಲೇ ಅವರ ಕೈಗೆ ದುಡ್ಡು. ಇಂಥ ಊರಿನಲ್ಲಿ ‘ತಿಂಗಳ ಸದಸ್ಯತ್ವ’ ಎಂಬ ಬೋರ್ಡು ಹಾಕುವ ಕೂದಲು ಮತ್ತು ಚರ್ಮದ ಕ್ಲಿನಿಕ್ ಯಾರ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬೇಕು? ಎಷ್ಟು ದರ ಇಡಬೇಕು?

ಇದು ಮಾಲೀಕರ ತಲೆನೋವು, ನಮಗೇಕೆ ಎನ್ನಬೇಡಿ. ಮೊಡವೆ, ತಲೆಹೊಟ್ಟು, ಕೂದಲುದುರುವಿಕೆ ಹೆಚ್ಚಾಗಿ ಕಾಡುವುದು ಕಾಲೇಜು ವಯಸ್ಸಿನಲ್ಲಿ. ಹಣ ಕಟ್ಟುವವರು ತಂದೆ-ತಾಯಿ. ದರ ಹೇಗೆ ಹುಟ್ಟುತ್ತದೆಂದು ತಿಳಿದರೆ, ಯಾವ ಕ್ಲಿನಿಕ್ ಮುಂದಿನ ವರ್ಷವೂ ಬಾಗಿಲು ತೆರೆದಿರುತ್ತದೆ ಎಂಬುದನ್ನು ನೀವೇ ಅಂದಾಜು ಮಾಡಬಹುದು. ವಾಣಿಜ್ಯ ಓದುವ ವಿದ್ಯಾರ್ಥಿಗಳಿಗಂತೂ ಇದೊಂದು ಒಳ್ಳೆಯ ಲೆಕ್ಕ.

ಎರಡು ಪಾಠಗಳು

ತಿಂಗಳ ಚಂದಾದ ವ್ಯವಹಾರದಲ್ಲಿ ಎರಡು ವಿರುದ್ಧ ಉದಾಹರಣೆಗಳಿವೆ. ಅಮೆರಿಕದ ವ್ಯಾಯಾಮಶಾಲೆಗಳ ಸದಸ್ಯರನ್ನು ಕುರಿತು ಡೆಲ್ಲಾವಿನ್ಯಾ ಮತ್ತು ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟಿದವರು ಸರಾಸರಿ ನಾಲ್ಕು ಸಲವಷ್ಟೇ ಬರುತ್ತಿದ್ದರು. ಒಂದು ಭೇಟಿಗೆ 10 ಡಾಲರ್ ಬೀಳುವ ಪಾಸು ಇದ್ದರೂ, ಇವರಿಗೆ ಪ್ರತಿ ಭೇಟಿಗೆ 17 ಡಾಲರಿಗೂ ಹೆಚ್ಚು ಬಿದ್ದಿತ್ತು. ಅಂದರೆ ಬಾರದವರ ಹಣವೇ ಆ ಶಾಲೆಗಳಿಗೆ ಆಧಾರ.

ಇದಕ್ಕೆ ವಿರುದ್ಧವಾದದ್ದು ಮೂವಿಪಾಸ್ ಎಂಬ ಕಂಪನಿಯ ಕಥೆ. ತಿಂಗಳಿಗೆ 9.95 ಡಾಲರ್ ಕಟ್ಟಿದರೆ ದಿನಕ್ಕೊಂದು ಸಿನಿಮಾ ಎಂದು ಅದು 2017ರಲ್ಲಿ ಸಾರಿತು. ಒಂದು ಟಿಕೆಟ್ಟಿನ ಬೆಲೆಯೇ ಹೆಚ್ಚುಕಡಿಮೆ ಅಷ್ಟಿತ್ತು. ಜನ ನಿಜವಾಗಿಯೂ ಸಿನಿಮಾಕ್ಕೆ ಹೋದರು. 2019ರಲ್ಲಿ ಸೇವೆ ನಿಂತಿತು. 2020ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಚರ್ಮದ ಕ್ಲಿನಿಕ್ಕಿಗೆ ಎರಡನೇ ದಾರಿ ಹೇಗೂ ಬೇಡ. ಮೊದಲ ದಾರಿಯೂ ಒಗ್ಗುವುದಿಲ್ಲ ಎನ್ನುವುದೇ ಈ ಲೇಖನದ ತಿರುಳು. ಏಕೆಂದರೆ ಬಾರದವರಿಗೆ ಮೊಡವೆ ಕಡಿಮೆಯಾಗುವುದಿಲ್ಲ, ಕಡಿಮೆಯಾಗದವರು ಮತ್ತೆ ಹಣ ಕಟ್ಟುವುದಿಲ್ಲ.

ಒಂದು ಲೆಕ್ಕ ಮಾಡೋಣ

ದೇವಸುಗೂರಿನಲ್ಲಿ ಇಂಥದೊಂದು ಕ್ಲಿನಿಕ್ ಇದೆ ಎಂದು ಭಾವಿಸೋಣ. ಇಲ್ಲಿನ ಅಂಕಿಗಳು ಲೆಕ್ಕ ಕಲಿಯಲು ಇಟ್ಟುಕೊಂಡವು. ಚರ್ಮವೈದ್ಯರು ರಾಯಚೂರಿನಿಂದ ತಿಂಗಳಿಗೆ 12 ದಿನ ಬರುತ್ತಾರೆ. ಅವರಿಗೆ 60 ಸಾವಿರ ರೂಪಾಯಿ. ಇಬ್ಬರು ಸಹಾಯಕಿಯರಿಗೆ 36 ಸಾವಿರ, ಕೌಂಟರಿನಲ್ಲಿ ಕೂರುವವರಿಗೆ 12 ಸಾವಿರ, ಬಾಡಿಗೆ 15 ಸಾವಿರ, ಯಂತ್ರಗಳ ಸವಕಳಿ 12 ಸಾವಿರ, ಕರೆಂಟು-ನೀರು 9 ಸಾವಿರ, ಇತರೆ 6 ಸಾವಿರ. ಒಟ್ಟು ಒಂದೂವರೆ ಲಕ್ಷ. ಒಬ್ಬರೂ ಬಾರದಿದ್ದರೂ ಇದು ಖರ್ಚಾಗಲೇಬೇಕು.

ಎರಡು ಕುರ್ಚಿಗಳಿವೆ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 26 ದಿನ. ಅಂದರೆ 416 ಕುರ್ಚಿ-ಗಂಟೆಗಳು. ಒಂದೂವರೆ ಲಕ್ಷವನ್ನು ಇದರಿಂದ ಭಾಗಿಸಿದರೆ ಗಂಟೆಗೆ ಸುಮಾರು 360 ರೂಪಾಯಿ. ಹೊಸ ಮಾಲೀಕರು ಎಡವುವುದು ಇಲ್ಲಿಯೇ. ಕುರ್ಚಿ ಇಡೀ ದಿನ ತುಂಬಿರುವುದಿಲ್ಲ. ಬೆಳಿಗ್ಗೆ ಖಾಲಿ, ಸಂಜೆ ನೂಕುನುಗ್ಗಲು. ಶೇ 60ರಷ್ಟು ತುಂಬುತ್ತದೆಂದರೆ ಸುಮಾರು 250 ಗಂಟೆ. ಆಗ ಗಂಟೆಯ ನಿಜವಾದ ಖರ್ಚು 600 ರೂಪಾಯಿ. ಖಾಲಿ ಗಂಟೆಯ ಭಾರವನ್ನೂ ತುಂಬಿದ ಗಂಟೆಯೇ ಹೊರಬೇಕು.

ಈಗ ಪ್ಯಾಕೇಜ್. ತಿಂಗಳಿಗೊಮ್ಮೆ ವೈದ್ಯರ ತಪಾಸಣೆ ಕಾಲು ಗಂಟೆ, ಮುಖದ ರಂಧ್ರಗಳಲ್ಲಿ ಕಟ್ಟಿಕೊಂಡ ಕಪ್ಪು-ಬಿಳಿ ಕಾಳುಗಳನ್ನು ತೆಗೆದು ಶುಚಿ ಮಾಡಲು ಮುಕ್ಕಾಲು ಗಂಟೆ, ತಲೆಯ ಆರೈಕೆಗೆ ಅರ್ಧ ಗಂಟೆ. ಒಟ್ಟು ಒಂದೂವರೆ ಗಂಟೆಗೆ 900 ರೂಪಾಯಿ. ಔಷಧಿ, ಹತ್ತಿ, ಕೈಗವಸುಗಳಿಗೆ 150 ಸೇರಿಸಿದರೆ 1,050 ರೂಪಾಯಿ. ಇದು ಅಸಲು. ಯಂತ್ರ ಕೆಟ್ಟಾಗ, ಸಹಾಯಕಿ ರಜೆ ಹಾಕಿದಾಗ ತಡೆದುಕೊಳ್ಳಲು 200 ರೂಪಾಯಿ ಸೇರಿಸಿದರೆ ದರ 1,250. ತೆರಿಗೆ ಬೇರೆ.

ಆದರೆ ಬೋರ್ಡಿನ ಮೇಲೆ ‘999’ ಚೆನ್ನಾಗಿ ಕಾಣುತ್ತದೆ. ‘ಅರ್ಧ ಜನ ಬರುವುದೇ ಇಲ್ಲ, ಹೊಂದಿಕೊಳ್ಳುತ್ತದೆ ಬಿಡಿ’ ಎಂಬ ಸಮಾಧಾನವೂ ಇರುತ್ತದೆ. ಇದು ಸರಿಯೇ? ಸದಸ್ಯನೊಬ್ಬ ಬಾರದಿದ್ದರೆ ಕ್ಲಿನಿಕ್ಕಿಗೆ ಉಳಿಯುವುದು ಆ 150 ರೂಪಾಯಿಯ ಸಾಮಗ್ರಿ ಮಾತ್ರ. ಬಾಡಿಗೆ, ಸಂಬಳ ಹೇಗೂ ಹೋಗಿರುತ್ತವೆ. ಬಿಡುವಾದ ಗಂಟೆಯನ್ನು ಬೇರೆಯವರಿಗೆ ಮಾರೋಣವೆಂದರೆ ಕುರ್ಚಿ ಮೊದಲೇ ಖಾಲಿ. ಬಾರದವನು ಮುಂದಿನ ತಿಂಗಳು ಸದಸ್ಯತ್ವ ಬಿಟ್ಟರೆ ಮಾತ್ರ ಇಡೀ ಚಂದಾ ಹೋಯಿತು. 150 ಉಳಿಸಿ ಸಾವಿರ ಕಳೆದುಕೊಂಡಂತೆ!

ನೂರು ಸದಸ್ಯರು 150 ಗಂಟೆ ಬಳಸಿದರು, ಉಳಿದ 100 ಗಂಟೆಗಳನ್ನು ಬಿಡಿ ಗಿರಾಕಿಗಳಿಗೆ ಗಂಟೆಗೆ 800ರಂತೆ ಮಾರಿದರು ಎನ್ನಿ. ಅವರಿಗೆ ತಗಲುವ ಸಾಮಗ್ರಿ ಗಂಟೆಗೆ 100 ರೂಪಾಯಿ. 1,250ರ ದರದಲ್ಲಿ ತಿಂಗಳಿಗೆ 30 ಸಾವಿರ ಉಳಿಯುತ್ತದೆ, 999ರಲ್ಲಿ 4,900. ಜೂನ್ ಬಂತು, ಶಾಲೆಯ ಫೀಸಿನ ಕಾಲ. 15 ಸದಸ್ಯರು ಬಿಟ್ಟರು. 1,250ರವರಿಗೆ ಆಗಲೂ 13,500 ಉಳಿಯುತ್ತದೆ. 999ರವರಿಗೆ ಸುಮಾರು 7,800 ನಷ್ಟ.

ಯಾವುದು ಒಳಗೆ, ಯಾವುದು ಹೊರಗೆ?

ಪ್ಯಾಕೇಜಿನೊಳಗೆ ಏನಿರಬೇಕು ಎಂಬುದನ್ನು ಕ್ಯಾಲೆಂಡರ್ ಅಲ್ಲ, ದೇಹ ತೀರ್ಮಾನಿಸಬೇಕು. ತಿಂಗಳಿಗೊಮ್ಮೆ ನಿಜವಾಗಿ ಬೇಕಾಗುವ ತಪಾಸಣೆ, ಶುಚಿ, ಹೋಲಿಸಿ ನೋಡಲು ಒಂದು ಫೋಟೋ ಒಳಗಿರಲಿ. ಲೇಸರ್, ರಾಸಾಯನಿಕ ಪೀಲಿಂಗ್‌ನಂಥವು ಹೊರಗಿರಲಿ. ಬೇಡದ ಕೂದಲಿಗೆ ಮಾಡುವ ಲೇಸರ್ ಕೂದಲಿನ ಬೆಳವಣಿಗೆಯ ಹಂತವನ್ನು ಅನುಸರಿಸುತ್ತದೆ. ಜಾಗ ನೋಡಿ ನಾಲ್ಕರಿಂದ ಎಂಟು ವಾರಗಳ ಅಂತರ ಬೇಕು. ಪೀಲಿಂಗ್ ಆದ ಚರ್ಮ ಬಿಸಿಲು ತಡೆಯುವುದಿಲ್ಲ. ರಾಯಚೂರಿನ ಏಪ್ರಿಲ್-ಮೇ ಬಿಸಿಲಿಗೆ ಕಲೆ ಮತ್ತಷ್ಟು ಕಪ್ಪಾಗುವ ಅಪಾಯವಿದೆ. ‘ತಿಂಗಳಿಗೊಂದು ಪೀಲಿಂಗ್’ ಎಂದು ಮೊದಲೇ ಹಣ ಪಡೆದಿದ್ದರೆ, ಮೇ ತಿಂಗಳಲ್ಲಿ ಬೇಡವೆನ್ನುವ ವೈದ್ಯರ ಮಾತಿಗೂ ಕೌಂಟರಿನ ರಶೀದಿಗೂ ಜಗಳ ಹತ್ತುತ್ತದೆ.

ಕೂದಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಟೈಫಾಯ್ಡ್, ಡೆಂಗಿಯಂಥ ಜ್ವರ ಬಂದು ಎರಡು-ಮೂರು ತಿಂಗಳಿಗೆ ಕೂದಲು ರಾಶಿರಾಶಿಯಾಗಿ ಉದುರುವುದುಂಟು. ಸಾಮಾನ್ಯವಾಗಿ ಆರು ತಿಂಗಳೊಳಗೆ ಅದು ತಾನಾಗಿ ನಿಲ್ಲುತ್ತದೆ. ಇಂಥವರಿಗೆ ವರ್ಷದ ಪ್ಯಾಕೇಜ್ ಮಾರಿದರೆ ಪ್ರಕೃತಿಯ ಕೆಲಸಕ್ಕೆ ಕ್ಲಿನಿಕ್ ಕೂಲಿ ಪಡೆದಂತಾಯಿತು. ಮೊದಲು ತಪಾಸಣೆ, ಆಮೇಲೆ ಸದಸ್ಯತ್ವ ಎಂಬುದೇ ಸರಿಯಾದ ಕ್ರಮ.

ವರ್ಷದ ಮುಂಗಡವೆಂಬ ಸಾಲ

‘ಹತ್ತು ತಿಂಗಳ ಹಣ ಕಟ್ಟಿ, ಎರಡು ತಿಂಗಳು ಉಚಿತ’ ಎಂಬ ಯೋಜನೆ ಎಲ್ಲರಿಗೂ ಪ್ರಿಯ. ನಮ್ಮ ಲೆಕ್ಕದಲ್ಲಿ ಅದು 12,500 ರೂಪಾಯಿ. ಹನ್ನೆರಡರಿಂದ ಭಾಗಿಸಿ: ತಿಂಗಳಿಗೆ ಸುಮಾರು 1,042. ಅಸಲು 1,050 ಇತ್ತಲ್ಲವೇ? ಎರಡು ಉಚಿತ ತಿಂಗಳು ಇಡೀ ಲಾಭವನ್ನು ನುಂಗಿ, ಅಸಲಿಗೂ ಕೈಹಾಕಿತು.

ಅಪಾಯ ಅಷ್ಟಕ್ಕೇ ನಿಲ್ಲುವುದಿಲ್ಲ. ಮದುವೆಯ ಕಾಲದಲ್ಲಿ 40 ಜನ ಹೀಗೆ ಸೇರಿದರೆ ಐದು ಲಕ್ಷ ಒಟ್ಟಿಗೆ ಬರುತ್ತದೆ. ಮಾಲೀಕರು ಅದರಿಂದ ಹೊಸ ಯಂತ್ರ ತರುತ್ತಾರೆ. ಮುಂದಿನ ಹನ್ನೊಂದು ತಿಂಗಳು ಆ 40 ಜನರಿಗೆ ಸೇವೆ ಕೊಡಬೇಕು, ಅವರಿಂದ ಒಂದು ಪೈಸೆಯೂ ಬರುವುದಿಲ್ಲ. ಲೆಕ್ಕಶಾಸ್ತ್ರದ ಪ್ರಕಾರ ಕೊಡದೇ ಉಳಿದ ಸೇವೆಯ ಮುಂಗಡ ಆದಾಯವಲ್ಲ, ಹೊಣೆ. ಅದನ್ನು ಬೇರೆ ಖಾತೆಯಲ್ಲಿಟ್ಟು ತಿಂಗಳಿಗೆ ಹನ್ನೆರಡನೇ ಒಂದು ಭಾಗವನ್ನಷ್ಟೇ ಖರ್ಚಿಗೆ ತೆಗೆಯಬೇಕು. ಬಾಕಿ ಸೇವೆಯ ಮೊತ್ತಕ್ಕಿಂತ ಆ ಖಾತೆಯ ಹಣ ಕಡಿಮೆಯಾದ ದಿನವೇ ಕ್ಲಿನಿಕ್ ಸಾಲದ ಮೇಲೆ ನಡೆಯತೊಡಗಿದೆ ಎಂದರ್ಥ. ಹಳೆಯ ಸದಸ್ಯರ ಸೇವೆಗೆ ಹೊಸ ಸದಸ್ಯರ ಮುಂಗಡ ಹುಡುಕುವ ಓಟ ಅಲ್ಲಿಂದ ಶುರು.

ಮೂರು ತಿಂಗಳ ಯೋಜನೆ ಇದಕ್ಕಿಂತ ಮೇಲು. ಮೊಡವೆಯ ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂದು ತಿಳಿಯಲು ಎಂಟರಿಂದ ಹನ್ನೆರಡು ವಾರ ಬೇಕು. ಮೂರು ತಿಂಗಳಿಗೆ 3,600 ರೂಪಾಯಿ ಎಂದರೆ ತಿಂಗಳಿಗೆ 1,200. ಅಸಲಿನ ಮೇಲೆ 150 ಉಳಿಯುತ್ತದೆ. ಸುಗ್ಗಿಯ ಹಣ ಕೈಯಲ್ಲಿರುವ ರೈತನ ಮನೆಗೂ ಇದು ಅನುಕೂಲ, ಸಂಬಳದವರು ತಿಂಗಳಿನಂತೆಯೇ ಕಟ್ಟಲಿ. ಇನ್ನೂ ರಿಯಾಯಿತಿ ಕೊಡಬೇಕೆಂದರೆ ಬೆಳಗಿನ ಖಾಲಿ ಗಂಟೆಗಳಿಗೆ ಕೊಡಬಹುದು. ಸ್ಥಾವರದಲ್ಲಿ ಪಾಳಿಯ ಮೇಲೆ ದುಡಿಯುವವರು, ಗೃಹಿಣಿಯರು ಆ ಹೊತ್ತಿಗೆ ಬರಬಲ್ಲರು. ಸಂಜೆಯ ಮತ್ತು ಭಾನುವಾರದ ಗಂಟೆಗಳಿಗೆ ರಿಯಾಯಿತಿ ಕೊಟ್ಟರೆ, ಹೇಗೂ ತುಂಬುವ ಕುರ್ಚಿಯನ್ನು ಅಗ್ಗಕ್ಕೆ ಮಾರಿದಂತೆ.

ಪಾಲಕರು ಕೇಳಬೇಕಾದದ್ದು

18 ತುಂಬದ ಮಕ್ಕಳು ಮಾಡಿಕೊಂಡ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಆದ್ದರಿಂದ ಸಹಿ ಹಾಕುವವರು ನೀವೇ. ಸಹಿಗೆ ಮೊದಲು ಮೂರು ವಿಷಯ ಬರವಣಿಗೆಯಲ್ಲಿ ಇವೆಯೇ ನೋಡಿ: ನಡುವೆ ಬಿಟ್ಟರೆ ಉಳಿದ ಹಣ ಯಾವ ದರದಲ್ಲಿ ವಾಪಸು ಬರುತ್ತದೆ, ಪರೀಕ್ಷೆಯ ತಿಂಗಳಲ್ಲಿ ಸದಸ್ಯತ್ವ ತಡೆಹಿಡಿಯಬಹುದೇ, ಆ ತಿಂಗಳ ಸೇವೆ ಪಡೆಯದಿದ್ದರೆ ಮುಂದಕ್ಕೆ ಸೇರುತ್ತದೆಯೇ. ಒಂದು ತಿಂಗಳಷ್ಟೇ ಮುಂದಕ್ಕೆ ಸೇರುತ್ತದೆ ಎಂದರೆ ಅದು ಜಿಪುಣತನವಲ್ಲ. ಎಲ್ಲರೂ ಉಳಿಸಿಟ್ಟು ಮೇ ತಿಂಗಳಲ್ಲೇ ಬಂದರೆ ಎರಡು ಕುರ್ಚಿ ಸಾಲುವುದಿಲ್ಲ.

ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿಗೆ, ದರಪಟ್ಟಿ ಪ್ರದರ್ಶನಕ್ಕೆ ಕರ್ನಾಟಕದಲ್ಲಿ 2007ರ ಕಾಯಿದೆಯಿದೆ. ಗೋಡೆಯ ಮೇಲೆ ಬಿಡಿ ಸೇವೆಯ ದರವನ್ನು ಹುಡುಕಿ, ಪ್ಯಾಕೇಜಿನ ದರದೊಂದಿಗೆ ಹೋಲಿಸಿ. ಬಿಡಿಯಾಗಿ 1,500 ಆಗುವುದು ಸದಸ್ಯರಿಗೆ 1,250 ಎಂದರೆ ನಂಬಬಹುದು. 400 ಎಂದರೆ ಉಳಿದ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿ. ಕೊಡದ ಸೇವೆಯ ಹಣ ಹಿಂದಿರುಗಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕಟ್ಟಿದ ಮೊತ್ತ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ರಶೀದಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ.